ಹೊಸ ಬೆಕ್ಕು, ಎರಡು ರಕ್ತಪರೀಕ್ಷೆ, ನಡುವೆ ಎರಡು ತಿಂಗಳ ಮುಚ್ಚಿದ ಬಾಗಿಲು

ಬೆಕ್ಕುಗಳಿಗೆ ತಗಲುವ ಫೆಲ್ವಿ, ಎಫ್‌ಐವಿ ಎಂಬ ಎರಡು ವೈರಸ್‌ಗಳ ಮೊದಲ ಪರೀಕ್ಷೆಯಲ್ಲಿ ನೆಗೆಟಿವ್ ಬಂತೆಂದು ಹೊಸ ಬೆಕ್ಕನ್ನು ಮನೆಯ ಬೆಕ್ಕುಗಳ ಜೊತೆ ಬಿಟ್ಟುಬಿಡಬೇಡಿ. ಈ ಬರಹದ ಮುಖ್ಯ ವಿಷಯ ಇಷ್ಟೇ. ಯಾಕೆ ಬಿಡಬಾರದು, ಕಾಯುವ ಸಮಯದಲ್ಲಿ ಏನೇನು ಮಾಡಬೇಕು, ಪಾಸಿಟಿವ್ ಬಂದರೆ ಮುಂದೇನು ಎಂಬುದನ್ನು ನಮ್ಮಲ್ಲಿ ಈಗಷ್ಟೇ ಮುಗಿದ ಒಂದು ಪ್ರಕರಣವನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಕಾಸರಗೋಡು ತಾಲೂಕಿನ ಒಳಭಾಗದ ತೋಟದ ಮನೆಗಳಲ್ಲಿ ಬೆಕ್ಕು ಸಾಕುವವರಿಗೆ ಇದು ಹೆಚ್ಚು ಉಪಯೋಗವಾದೀತು. ನಮ್ಮಲ್ಲಿ ಬೆಕ್ಕನ್ನು ಯಾರೂ ಕೊಂಡು ತರುವುದಿಲ್ಲ, ಅದೇ ಬರುತ್ತದೆ. ಅಡಿಕೆ ಒಣಗಿಸಿ ಚೀಲ ಕಟ್ಟಿಡುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಹಾಗಾಗಿ ಬಂದದ್ದನ್ನು ಓಡಿಸುವವರೂ ಇಲ್ಲ.

ಹೀಗೆ ಬಂದವನು ಕೆಂಚ. ಸುಮಾರು ಎರಡು ವರ್ಷದ, ಬೀಜ ಒಡೆಯದ ಗಂಡು, ಕೆನ್ನೆ ದಪ್ಪಗೆ ಉಬ್ಬಿದ್ದವು. ಮನೆಯಲ್ಲಿ ಮೊದಲೇ ಎರಡು ಹೆಣ್ಣು ಬೆಕ್ಕುಗಳಿವೆ: ತಾಯಿ ಬೆಳ್ಳಿ, ಮಗಳು ಚಿಕ್ಕಿ. ಎರಡಕ್ಕೂ ಮರಿಯಾಗದ ಹಾಗೆ ಆಪರೇಶನ್ ಆಗಿದೆ. ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ, ಒಂದರ ಕಿವಿಯನ್ನು ಇನ್ನೊಂದು ನೆಕ್ಕುತ್ತದೆ. ಕೆಂಚನ ಬಾಲದ ಬುಡದಲ್ಲಿ ನಿಂಬೆಹಣ್ಣಿನಷ್ಟು ಬಾವು ಇತ್ತು. ಡಾಕ್ಟರರು ಕೂದಲು ಬೋಳಿಸಿದಾಗ ನಡುವೆ ಎರಡು ಸಣ್ಣ ತೂತುಗಳು ಕಂಡವು, ಮೇಲೆ ಚರ್ಮ ಕೂಡಿಕೊಂಡಿತ್ತು, ಒಳಗೆ ಕೀವು. ಇನ್ನೊಂದು ಬೆಕ್ಕು ಕಚ್ಚಿದ ಗಾಯ ಹೀಗೆಯೇ ಇರುತ್ತದೆ. ಬೆಕ್ಕಿನ ಕೋರೆಹಲ್ಲು ತೆಳ್ಳಗೆ, ಉದ್ದ. ಆಳಕ್ಕೆ ಇಳಿದು ಹೊರಬರುತ್ತದೆ, ತೂತು ಬೇಗ ಮುಚ್ಚುತ್ತದೆ, ಒಳಗೆ ಬಿಟ್ಟ ಜೊಲ್ಲು ಅಲ್ಲೇ ಉಳಿಯುತ್ತದೆ.

ನೋಡಿದವರಿಗೆ ಇದು ಬರಿಯ ಕೀವಿನ ಗಾಯ. ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ವೈರಸ್ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹೋಗುವ ಮುಖ್ಯ ದಾರಿಯೂ ಇದೇ.

ಈ ಎರಡು ವೈರಸ್‌ಗಳ ಹೆಸರು ಯಾವಾಗಲೂ ಒಟ್ಟಿಗೆ ಕೇಳಿಬರುತ್ತದೆ, ಪರೀಕ್ಷೆಯ ಕಿಟ್ಟು ಕೂಡ ಒಂದೇ. ಆದರೆ ಅವು ಹರಡುವ ರೀತಿ ಬೇರೆ. ಫೀಲೈನ್ ಲುಕೇಮಿಯಾ ವೈರಸ್ಸನ್ನು ಡಾಕ್ಟರರು ಫೆಲ್ವಿ ಎನ್ನುತ್ತಾರೆ. 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ತಂಡ ಗುರುತಿಸಿದ್ದು ಅದನ್ನು. ಅದು ಸೋಂಕಿತ ಬೆಕ್ಕಿನ ಜೊಲ್ಲು, ಮೂಗಿನ ನೀರು, ಹಾಲುಗಳಲ್ಲಿ ಧಾರಾಳವಾಗಿರುತ್ತದೆ. ಮೂತ್ರ, ಮಲದಲ್ಲೂ ಇರಬಹುದು. ಒಂದೇ ತಟ್ಟೆಯಲ್ಲಿ ಉಣ್ಣುವುದು, ಪರಸ್ಪರ ನೆಕ್ಕುವುದು, ತಾಯಿಯಿಂದ ಮರಿಗೆ ಗರ್ಭದಲ್ಲಿ ಅಥವಾ ಹಾಲಿನಲ್ಲಿ ಹೋಗುವುದು, ಎಲ್ಲವೂ ಅದಕ್ಕೆ ದಾರಿ. ಜಗಳವೇ ಆಗಬೇಕೆಂದಿಲ್ಲ, ಸ್ನೇಹವೇ ಸಾಕು. ಬೆಳ್ಳಿ ಚಿಕ್ಕಿಯರ ಹಾಗೆ ಅನ್ಯೋನ್ಯವಾಗಿರುವ ಮನೆಯ ಬೆಕ್ಕುಗಳಿಗೆ ಅದು ಹೆಚ್ಚು ಅಪಾಯ. ಚಿಕ್ಕ ಮರಿಗಳು ಸುಲಭವಾಗಿ ಸಿಕ್ಕಿಬೀಳುತ್ತವೆ; ಬೆಳೆದ ಬೆಕ್ಕಿಗೆ ತಡೆದುಕೊಳ್ಳುವ ಶಕ್ತಿ ಹೆಚ್ಚು, ಆದರೆ ಪೂರ್ತಿ ಅಲ್ಲ.

ಎಫ್‌ಐವಿ ಬೇರೆ ಜಾತಿಯದ್ದು. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀಲ್ಸ್ ಪೆಡರ್ಸನ್, ಜ್ಯಾನೆಟ್ ಯಮಾಮೊಟೊ ಮೊದಲಾದವರು ಒಂದು ಬೆಕ್ಕುಗಳ ಗುಂಪಿನಲ್ಲಿ ಅದನ್ನು ಪತ್ತೆಹಚ್ಚಿದರು. ಅದು ಮನುಷ್ಯರ ಎಚ್‌ಐವಿಯ ಬಳಗದ್ದು, ಆದರೆ ಮನುಷ್ಯರಿಗೆ ತಗಲುವುದಿಲ್ಲ, ನಾಯಿಗೂ ಇಲ್ಲ. ಫೆಲ್ವಿಯೂ ಹಾಗೆಯೇ. ಎಫ್‌ಐವಿ ಹೆಚ್ಚಾಗಿ ಆಳವಾದ ಕಡಿತದಿಂದಲೇ ಹೋಗುತ್ತದೆ. ಒಂದು ತಟ್ಟೆಯಲ್ಲಿ ಉಂಡರೆ, ಒಟ್ಟಿಗೆ ಮಲಗಿದರೆ ತಗಲುವ ಸಂಭವ ಬಹಳ ಕಡಿಮೆ. ತಾಯಿಯಿಂದ ಮರಿಗೆ ಹೋಗುವುದೂ ಅಪರೂಪ. ಹಾಗಾಗಿ ಊರಲ್ಲಿ ಅಲೆಯುವ, ಬೀಜ ಒಡೆಯದ, ಜಗಳಗಂಟ ಗಂಡುಗಳಲ್ಲೇ ಅದು ಹೆಚ್ಚು.

ಹತ್ತಿರದ ಸರಕಾರಿ ಮೃಗಾಸ್ಪತ್ರೆಯಲ್ಲಿ ಗಾಯ ತೊಳೆದು, ಕೀವು ತೆಗೆದು, ಆಂಟಿಬಯಾಟಿಕ್ ಕೊಟ್ಟರು. ಕಚ್ಚಿದ ಪ್ರಾಣಿ ಯಾವುದೆಂದು ಗೊತ್ತಿಲ್ಲದ ಕಾರಣ ರೇಬೀಸ್ ಲಸಿಕೆಯನ್ನು ಒಂದೇ ಡೋಸಿಗೆ ನಿಲ್ಲಿಸದೆ ಕಂತಿನಲ್ಲಿ ಕೊಡಲು ಶುರುಮಾಡಿದರು. ಇದನ್ನು ತಪ್ಪಿಸಬೇಡಿ. ಇಂಥ ಬೆಕ್ಕು ನಿಮ್ಮನ್ನು ಪರಚಿದರೆ, ಕಚ್ಚಿದರೆ ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಫೆಲ್ವಿ, ಎಫ್‌ಐವಿ ಮನುಷ್ಯರಿಗೆ ಬರುವುದಿಲ್ಲ ಎಂಬ ಮಾತು ರೇಬೀಸಿಗೆ ಅನ್ವಯಿಸುವುದಿಲ್ಲ.

ವೈರಸ್ ಪರೀಕ್ಷೆಯ ಕಿಟ್ಟು ಅಲ್ಲಿ ಇರಲಿಲ್ಲ. ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ "ಇದೆ, ಬನ್ನಿ" ಎಂದರು, ಹೋದರೆ ಇದ್ದದ್ದು ನಾಯಿಗಳ ಪಾರ್ವೊ ಕಿಟ್ಟು. ಆದ್ದರಿಂದ ಫೋನಿನಲ್ಲೇ "ಬೆಕ್ಕಿನ ಫೆಲ್ವಿ ಆಂಟಿಜನ್, ಎಫ್‌ಐವಿ ಆಂಟಿಬಾಡಿ, ಎರಡೂ ಇರುವ ಕಿಟ್ಟು ಇದೆಯಾ, ಅವಧಿ ಮುಗಿದಿಲ್ಲವಲ್ಲ" ಎಂದು ಪದ ಬಿಡದೆ ಕೇಳಿ. ಇಲ್ಲದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ದಾರಿ. ನಮ್ಮ ಡಾಕ್ಟರರು ತರಿಸಿಕೊಟ್ಟರು, ಅದಕ್ಕೆ ಕಾಯಬೇಕಾಯಿತು. ಒಂದು ಬೆಕ್ಕಿನ ಪರೀಕ್ಷೆಗೆ ಸಾವಿರ ರೂಪಾಯಿಯ ಮೇಲೆ ಆಯಿತು. ಮೂರು ಬೆಕ್ಕಿಗೂ ಮಾಡಿಸಿದೆವು.

ಮೂರಕ್ಕೂ ಯಾಕೆ ಎಂದು ಮನೆಯಲ್ಲೇ ಪ್ರಶ್ನೆ ಬಂತು. "ಇರುವವು ಆರೋಗ್ಯವಾಗಿಯೇ ಇವೆಯಲ್ಲ ಮಗಾ, ಅವಕ್ಕೂ ದುಡ್ಡು ಸುರಿಯಬೇಕಾ?" ಎಂದರು ಅಮ್ಮ. ಕಾರಣ ಎರಡು. ಎರಡು ಸೋಂಕುಗಳೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ತೋರಿಸದೆ ಇರಬಲ್ಲವು. ಹೊಸಬ ಶುದ್ಧ, ಹಳಬರೇ ಸೋಂಕಿತರು ಆಗಿರಲೂ ಸಾಧ್ಯ. ಇನ್ನೊಂದು, ಹಳೆಯ ಬೆಕ್ಕುಗಳ ಇವತ್ತಿನ ಫಲಿತಾಂಶ ಬರೆದಿಡದಿದ್ದರೆ ಮುಂದಿನ ವರ್ಷ ಅವುಗಳಲ್ಲಿ ಒಂದು ಪಾಸಿಟಿವ್ ಬಂದಾಗ ಅದು ಯಾವಾಗ, ಯಾರಿಂದ ಬಂತೆಂದು ಹೇಳಲಾಗದು. ಬೆಳ್ಳಿ, ಚಿಕ್ಕಿ ಎರಡಕ್ಕೂ ಎರಡೂ ನೆಗೆಟಿವ್ ಬಂತು. ಕಾಗದವನ್ನು ಲಸಿಕೆ ಕಾರ್ಡಿನ ಜೊತೆ ಪಿನ್ ಮಾಡಿಟ್ಟೆವು. ಕಾಗದದ ಮೇಲೆ ಬೆಕ್ಕಿನ ಹೆಸರು, ಬಣ್ಣ, ತಾರೀಕು, ಕಿಟ್ಟಿನ ಹೆಸರು ಇರುವಂತೆ ನೋಡಿಕೊಳ್ಳಿ. ಎರಡನೇ ಸಲ ಬೇರೆ ಕಡೆ ಹೋದರೆ ಅದೇ ಆಧಾರ.

ಪರೀಕ್ಷೆ ಮಾಡುವ ಕ್ರಮವನ್ನು ಪಕ್ಕದಲ್ಲೇ ನಿಂತು ನೋಡಿದ್ದನ್ನು ಹೇಳುತ್ತೇನೆ. ಬೆಕ್ಕನ್ನು ದಪ್ಪ ಬೈರಾಸಿನಲ್ಲಿ ಕುತ್ತಿಗೆವರೆಗೆ ಸುತ್ತಿ, ಹಿಂಗಾಲು ಮಾತ್ರ ಹೊರಗೆ ತೆಗೆದು, ತೊಡೆಯ ಒಳಮೈಯ ರಕ್ತನಾಳದಿಂದ ಸುಮಾರು ಒಂದು ಎಂಎಲ್ ರಕ್ತ ತೆಗೆದು ನೇರಳೆ ಮುಚ್ಚಳದ ಕೊಳವೆಗೆ ಹಾಕಿದರು. ಆ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಇರುತ್ತದೆ, ಹಾಕಿದ ಮೇಲೆ ಮೆಲ್ಲ ಮೇಲೆ ಕೆಳಗೆ ಮಾಡಬೇಕು, ಕುಲುಕಬಾರದು. ಕಿಟ್ಟಿಗೆ ಬೇಕಾದ್ದು ಕೆಲವು ಹನಿ ಮಾತ್ರ. ಉಳಿದದ್ದು ಮತ್ತೆ ಬೇಕಾದೀತೆಂದು ಫ್ರಿಜ್ಜಿನಲ್ಲಿಟ್ಟರು. ಕಿಟ್ಟು ಫ್ರಿಜ್ಜಿನಿಂದ ತೆಗೆದದ್ದಾದರೆ ಪೊಟ್ಟಣ ಒಡೆಯದೆಯೇ ಹೊರಗಿಟ್ಟು ಕೋಣೆಯ ಬಿಸಿಗೆ ಬರುವ ತನಕ ಕಾಯಬೇಕು. ತಣ್ಣಗಿರುವಾಗಲೇ ಒಡೆದರೆ, ನಮ್ಮ ಕಡೆಯ ತೇವದ ಗಾಳಿಗೆ ಅದರ ಪಟ್ಟಿ ಬೆವರುತ್ತದೆ. ಮಳೆಗಾಲದಲ್ಲಿ ಇದು ಬಹಳ ಮುಖ್ಯ.

ಹನಿ ಹಾಕಿ, ಅದರ ದ್ರಾವಣ ಹಾಕಿ, ಹತ್ತು ನಿಮಿಷ. ಮೊದಲು ಬರಬೇಕಾದ್ದು ಸಿ ಎಂದು ಬರೆದ ಕಡೆಯ ಗೆರೆ. ಅದು ಬರದಿದ್ದರೆ ಪಟ್ಟಿ ಕೆಟ್ಟಿದೆ, ಫಲಿತಾಂಶವೇ ಅಲ್ಲ. ಟಿ ಕಡೆ ಗೆರೆ ಬಂದರೆ ಪಾಸಿಟಿವ್. ಗೆರೆ ಎಷ್ಟೇ ಮಸುಕಾಗಿರಲಿ, ಹೇಳಿದ ಸಮಯದೊಳಗೆ ಬಂದರೆ ಅದು ಗೆರೆಯೇ. ಅರ್ಧ ಗಂಟೆ ಕಳೆದ ಮೇಲೆ ಮೂಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹಾಗಾಗಿ ಹತ್ತು ನಿಮಿಷಕ್ಕೆ ಸರಿಯಾಗಿ ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಒಳ್ಳೆಯದು. ಕೆಂಚನ ಪಟ್ಟಿಯಲ್ಲಿ ಸಿ ಗೆರೆ ಮಾತ್ರ ಬಂತು. ಎರಡೂ ನೆಗೆಟಿವ್.

ಎಲ್ಲರಿಗೂ ಹಾಯೆನಿಸಿತು. ಆದರೆ ಡಾಕ್ಟರರು ಪೆನ್ನಿನ ತುದಿಯಲ್ಲಿ ಬಾವನ್ನು ತೋರಿಸಿ ಹೇಳಿದರು: "ಈ ಪಟ್ಟಿ ಇವತ್ತಿನ ಸುದ್ದಿ ಹೇಳುವುದಲ್ಲ. ಎಫ್‌ಐವಿಗೆ ಎರಡು ತಿಂಗಳ ಹಿಂದಿನದ್ದು, ಫೆಲ್ವಿಗೆ ಒಂದು ತಿಂಗಳ ಹಿಂದಿನದ್ದು. ಈ ಗಾಯ ಅದಕ್ಕಿಂತ ಈಚಿನದ್ದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿಟ್ಟು ಫೆಲ್ವಿಯಲ್ಲಿ ಹುಡುಕುವುದು ವೈರಸ್ಸಿನದ್ದೇ ಒಂದು ಪ್ರೋಟೀನನ್ನು, ಅದರ ಹೆಸರು ಪಿ27. ವೈರಸ್ ದೇಹದಲ್ಲಿ ಸಾಕಷ್ಟು ಹೆಚ್ಚಿದ ಮೇಲೆ ಅದು ರಕ್ತದಲ್ಲಿ ಬಿಡಿಯಾಗಿ ತೇಲುತ್ತದೆ. ಸೋಂಕು ತಗಲಿದ ಬಳಿಕ ಸಾಮಾನ್ಯವಾಗಿ 30 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಎಫ್‌ಐವಿಯಲ್ಲಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಬೆಕ್ಕಿನ ದೇಹ ತಯಾರಿಸಿದ ಆಂಟಿಬಾಡಿಯನ್ನು. ಅದು ಕಿಟ್ಟಿಗೆ ಸಿಗುವಷ್ಟು ಬರಲು ಹೆಚ್ಚಿನ ಬೆಕ್ಕುಗಳಲ್ಲಿ 60 ದಿನ ಬೇಕು, ಅಪರೂಪಕ್ಕೆ ಇನ್ನೂ ಹೆಚ್ಚು. ನಿನ್ನೆಯ ಕಡಿತದಿಂದ ತಗಲಿದ ಸೋಂಕು ಇವತ್ತಿನ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಕಡೆಯ ಅನುಮಾನದ ದಿನದಿಂದ, ಅದು ಗೊತ್ತಿಲ್ಲದಿದ್ದರೆ ಬೆಕ್ಕು ನಿಮ್ಮ ಮನೆಯಲ್ಲಿ ಪ್ರತ್ಯೇಕವಾದ ದಿನದಿಂದ ಎಣಿಸಿ, ಫೆಲ್ವಿಗೆ 30 ದಿನ, ಎಫ್‌ಐವಿಗೆ 60 ದಿನ ಕಳೆದ ಮೇಲೆ ಇನ್ನೊಮ್ಮೆ. ಎರಡೂ ಒಂದೇ ಕಿಟ್ಟಿನಲ್ಲಿರುವುದರಿಂದ ಅಲೆಮಾರಿ ಗಂಡಿನ ವಿಷಯದಲ್ಲಿ 60 ದಿನಕ್ಕೆ ಒಂದೇ ಸಲ ಮಾಡಿಸಿದರೆ ಸಾಕು.

ಹಾಗಿದ್ದರೆ ಮೊದಲ ಪರೀಕ್ಷೆ ಯಾಕೆ ಬೇಕಿತ್ತು ಎಂದು ಕೇಳಬಹುದು. ಅವನು ಹಳೆಯ ರೋಗಿಯಾಗಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು, ಫೆಲ್ವಿ ಇದ್ದಿದ್ದರೆ ಕಟ್ಟುನಿಟ್ಟು ಬೇರೆಯೇ ಇರುತ್ತಿತ್ತು. ಅದಕ್ಕಿಂತ ಹೆಚ್ಚಿನ ಉಪಯೋಗ ಆಮೇಲೆ ಕಂಡುಬಂತು.

ಇಲ್ಲಿ ಮರಿ ತಂದವರಿಗೆ ಒಂದು ಮಾತು. ಆರು ತಿಂಗಳಿಗಿಂತ ಕೆಳಗಿನ ಮರಿಯಲ್ಲಿ ಎಫ್‌ಐವಿ ಪಾಸಿಟಿವ್ ಬಂದರೆ ಎದೆ ಒಡೆದುಕೊಳ್ಳಬೇಡಿ. ಸೋಂಕಿತ ತಾಯಿಯ ಹಾಲಿನಿಂದ ಬಂದ ಆಂಟಿಬಾಡಿ ಅದಾಗಿರಬಹುದು, ಮರಿಗೆ ಸೋಂಕೇ ಇಲ್ಲದಿರಬಹುದು. ಆರು ತಿಂಗಳು ದಾಟಿದ ಮೇಲೆ ಮತ್ತೆ ಮಾಡಿಸಿ. ಫೆಲ್ವಿಗೆ ಈ ತೊಂದರೆ ಇಲ್ಲ, ಅಲ್ಲಿ ವೈರಸ್ಸಿನ ಪ್ರೋಟೀನನ್ನೇ ನೋಡುವುದರಿಂದ ಯಾವ ವಯಸ್ಸಿನ ಮರಿಗೂ ಮಾಡಿಸಬಹುದು.

ನಮಗೆ ನಿಜವಾದ ಕಷ್ಟ ಇದ್ದದ್ದು ಕೂಡಿಹಾಕುವುದರಲ್ಲಿ. ಹಂಚಿನ ಮನೆ. ಸೌದೆ ಕೊಟ್ಟಿಗೆಯಲ್ಲಿ ಇಡೋಣ ಎಂದರೆ ಗೋಡೆ ಮತ್ತು ಮಾಡಿನ ನಡುವೆ ಒಂದು ಗೇಣು ಸಂದು. ಅಟ್ಟದ ಕೋಣೆಯಲ್ಲಿಟ್ಟರೆ ಹಂಚು ಸರಿಸಿ ಹೊರಗೆ. ಕಡೆಗೆ ಹಿಂದಿನ ಕೋಣೆಯ ಕಿಟಕಿಗೆ ಕೋಳಿಗೂಡಿನ ಸಣ್ಣ ಕಣ್ಣಿನ ತಂತಿಬಲೆ ಹೊಡೆದು, ಮೇಲಿನ ಸಂದಿಗೂ ಬಲೆ ಬಿಗಿದು, ಬಾಗಿಲ ಅಡಿಯ ಸಂದಿಗೆ ಹಲಗೆ ಕೊಟ್ಟೆವು. ಬಾಗಿಲ ಅಡಿಯಿಂದ ಪಂಜ ಹಾಕಿ ಹೊಡೆದಾಡುವುದು, ಮೂಗಿಗೆ ಮೂಗು ತಾಗಿಸುವುದು ಎರಡೂ ಬೇಡ. ಅವನಿಗೆ ಬೇರೆ ತಟ್ಟೆ, ಬೇರೆ ನೀರಿನ ಪಾತ್ರೆ, ಮಲಮೂತ್ರಕ್ಕೆ ಅಗಲ ಬೇಸಿನ್ನಿನಲ್ಲಿ ಒಣ ಮರಳು. ಮನೆಯ ಬೆಕ್ಕುಗಳಿಗೆ ಮೊದಲು ಊಟ ಹಾಕಿ ಕಡೆಗೆ ಅವನ ಕೋಣೆಗೆ ಹೋಗುವುದು, ಹೊರಗೆ ಬಂದು ಸಾಬೂನಿನಲ್ಲಿ ಕೈ ತೊಳೆಯುವುದು.

ತೊಳೆಯುವ ವಿಷಯದಲ್ಲಿ ಗಾಬರಿ ಬೇಡ. ಈ ಎರಡು ವೈರಸ್‌ಗಳಿಗೂ ಹೊರಗೆ ಕೊಬ್ಬಿನ ಪೊರೆ ಇದೆ. ಸಾಬೂನು ಅದನ್ನು ಕರಗಿಸಿಬಿಡುತ್ತದೆ. ಒಣಗಿದರೆ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ತಾನಾಗಿಯೇ ಸಾಯುತ್ತವೆ. ಸೋಂಕಿತ ಬೆಕ್ಕು ಮಲಗಿದ್ದ ಕುರ್ಚಿಯನ್ನು ಸುಡುವವರಿದ್ದಾರೆ, ಅದೆಲ್ಲ ದಂಡ. ಆದರೆ ಪ್ಯಾನ್‌ಲುಕೋಪೇನಿಯಾ ಎಂಬ ಇನ್ನೊಂದು ರೋಗದ ವೈರಸ್ ಹಾಗಲ್ಲ. ಹೆಸರಲ್ಲಿ ಲುಕೇಮಿಯಾದ ನೆನಪು ಬಂದರೂ ಎರಡಕ್ಕೂ ಸಂಬಂಧವಿಲ್ಲ. ಅದು ನೆಲದಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು, ಸಾಬೂನಿಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು. ಹೊಸ ಬೆಕ್ಕನ್ನು ಕೂಡಿಹಾಕುವುದು ಅದಕ್ಕೂ ಹೌದು. ಸಾಮಾನ್ಯವಾಗಿ ಹಾಕುವ ಮೂರು ರೋಗಗಳ ಲಸಿಕೆ ಅದನ್ನು ತಡೆಯುತ್ತದೆ. "ಲಸಿಕೆ ಹಾಕಿಸಿದ್ದೇವೆ, ಫೆಲ್ವಿ ಭಯವಿಲ್ಲ" ಎನ್ನುವವರು ಗಮನಿಸಿ: ಆ ಮೂರರಲ್ಲಿ ಫೆಲ್ವಿಯೂ ಇಲ್ಲ, ಎಫ್‌ಐವಿಯೂ ಇಲ್ಲ.

ಮೊದಲ ವಾರಗಳಲ್ಲಿ ಕೆಂಚ ರಾತ್ರಿಯಿಡೀ ಕೂಗಿದ. ಬೀಜ ಒಡೆಯದ ಗಂಡು ಕೂಡಿಹಾಕಿದರೆ ಗೋಡೆಗೆಲ್ಲ ಮೂತ್ರ ಚಿಮ್ಮಿಸುತ್ತದೆ, ಆ ನಾತ ಸುಣ್ಣ ಬಳಿದರೂ ಹೋಗದು. ಗಾಯ ಒಣಗಿದ ಮೇಲೆ ಬೀಜ ಒಡೆಸಿದೆವು. ಅದರ ಫಲ ಮರುದಿನವೇ ಸಿಗುವುದಿಲ್ಲ. ರಕ್ತದಲ್ಲಿರುವ ಹಾರ್ಮೋನು ಇಳಿದು ಸ್ವಭಾವ ಮೆತ್ತಗಾಗಲು ಕೆಲವು ವಾರಗಳು ಬೇಕು. ಕಾಯುವ ಅವಧಿಯೊಳಗೇ ಇದನ್ನು ಮುಗಿಸಿಕೊಂಡರೆ ಆ ವಾರಗಳೂ ಅದರಲ್ಲೇ ಕಳೆಯುತ್ತವೆ.

ನಡುವೆ ಒಮ್ಮೆ ಎರಡು ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಮೈ ಬೆಚ್ಚಗಿತ್ತು. ದವಡೆಯ ಅಡಿಯಲ್ಲಿ ಎರಡೂ ಕಡೆ ಬೆರಳಿಟ್ಟು ನೋಡಿದರೆ ಕಡಲೆಕಾಳಿನಷ್ಟು ಗಟ್ಟಿ ಗಂಟುಗಳು ಚರ್ಮದಡಿ ಜಾರುತ್ತಿದ್ದವು, ಮೊಣಕಾಲಿನ ಹಿಂದೆಯೂ ಅಂಥದ್ದೇ. ಆಮೇಲೆ ತಾನಾಗಿಯೇ ಸರಿಹೋದ. ಎಫ್‌ಐವಿ ಹೊಸದಾಗಿ ತಗಲಿದ ಬೆಕ್ಕಿನಲ್ಲಿ ಮೊದಲ ಕೆಲವು ವಾರಗಳಲ್ಲಿ ಸಣ್ಣ ಜ್ವರ, ಹೀಗೆ ದುಗ್ಧಗ್ರಂಥಿ ಊದುವುದು ಕಾಣಬಹುದು. ಬಹಳಷ್ಟು ಸಲ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಗಾಯದ ಕೀವಿನಿಂದಲೂ ಗ್ರಂಥಿ ಊದಬಹುದು, ಆದ್ದರಿಂದ ಇದರಿಂದಲೇ ಏನನ್ನೂ ತೀರ್ಮಾನಿಸಲಾಗದು. ತಾರೀಕು ಬರೆದಿಟ್ಟೆವು, ಅಷ್ಟೆ.

ಎರಡನೇ ಪರೀಕ್ಷೆಯಲ್ಲಿ ಫೆಲ್ವಿ ನೆಗೆಟಿವ್. ಎಫ್‌ಐವಿ ಕಡೆ ಗೆರೆ ಬಂತು. ಐದನೇ ನಿಮಿಷಕ್ಕೇ ಸ್ಪಷ್ಟವಾಗಿತ್ತು.

ಒಂದು ಗೆರೆ ನೋಡಿ ತೀರ್ಪು ಕೊಡಬಾರದು ಎಂಬುದಕ್ಕೆ ಲೆಕ್ಕ ಹಾಕಿ ನೋಡಿ. ಒಂದು ಕಡೆ ಸಾವಿರ ಬೆಕ್ಕುಗಳಿವೆ, ಅವುಗಳಲ್ಲಿ 20ಕ್ಕೆ ಸೋಂಕಿದೆ ಎಂದುಕೊಳ್ಳೋಣ. ಸೋಂಕಿಲ್ಲದ ನೂರರಲ್ಲಿ ಎರಡಕ್ಕೆ ಕಿಟ್ಟು ಸುಳ್ಳು ಗೆರೆ ತೋರಿಸುತ್ತದೆ ಎಂದೂ ಇಟ್ಟುಕೊಳ್ಳೋಣ. ಸೋಂಕಿಲ್ಲದ 980ರಲ್ಲಿ ಸುಮಾರು 20 ಸುಳ್ಳು ಗೆರೆ. ನಿಜದವು ಎಲ್ಲವೂ ಸಿಕ್ಕಿದರೂ 20. ಗೆರೆ ಬಂದ 40ರಲ್ಲಿ ಅರ್ಧ ಸುಳ್ಳು! ಕಿಟ್ಟು ಕೆಟ್ಟದ್ದೆಂದಲ್ಲ, ರೋಗ ವಿರಳವಾದಾಗ ಲೆಕ್ಕ ಹೀಗಾಗುತ್ತದೆ. ಮನೆಯಿಂದ ಹೊರಗೆ ಹೋಗದ, ಆರೋಗ್ಯವಾಗಿರುವ ಬೆಕ್ಕಿನಲ್ಲಿ ಗೆರೆ ಬಂದರೆ ಅನುಮಾನ ಹೆಚ್ಚಿರಬೇಕು. ಕಚ್ಚಿಸಿಕೊಂಡ ಅಲೆಮಾರಿ ಗಂಡಿನಲ್ಲಿ ಬಂದರೆ ನಂಬಿಕೆ ಹೆಚ್ಚಿರಬೇಕು. ನಮ್ಮಲ್ಲಿ ಇನ್ನೊಂದು ಆಧಾರವೂ ಇತ್ತು: ಮೊದಲ ಪಟ್ಟಿಯ ಫೋಟೊದಲ್ಲಿ ಗೆರೆ ಇಲ್ಲ, ಈಗ ಇದೆ. ಹೊಸದಾಗಿ ತಗಲಿದ ಸೋಂಕು ಬಿಡುವ ಗುರುತು ಅದೇ. ಮೊದಲ ಪರೀಕ್ಷೆಯ ದುಡ್ಡು ದಂಡವಾಗಲಿಲ್ಲ.

ಆದರೂ ಖಚಿತಪಡಿಸಿಕೊಳ್ಳಲು ಡಾಕ್ಟರರು ನೇರಳೆ ಕೊಳವೆಯ ರಕ್ತವನ್ನು ಪಿಸಿಆರ್‌ಗೆ ಲ್ಯಾಬಿಗೆ ಕಳಿಸಿದರು. ಕಿಟ್ಟಿಗಿಂತ ಅದಕ್ಕೆ ದುಡ್ಡು ಹೆಚ್ಚು. ಐಸ್ ಪ್ಯಾಕಿನಲ್ಲಿ, ಆದರೆ ಮಂಜುಗಟ್ಟದಂತೆ, ವಾರದ ಕೊನೆಗೆ ಸಿಕ್ಕಿಹಾಕಿಕೊಳ್ಳದಂತೆ ಸೋಮವಾರವೋ ಮಂಗಳವಾರವೋ ಕಳಿಸುವುದು ಒಳ್ಳೆಯದು. ಪಿಸಿಆರ್ ವೈರಸ್ಸಿನ ವಂಶತಂತುವನ್ನೇ ಹುಡುಕುತ್ತದೆ. ಅದಕ್ಕೂ ಮಿತಿ ಇದೆ: ಎಫ್‌ಐವಿಯಲ್ಲಿ ಒಳತಳಿಗಳು ಬಹಳ, ಲ್ಯಾಬಿನ ಪರೀಕ್ಷೆಗೆ ಹೊಂದದ ತಳಿಯಾದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. ಆದ್ದರಿಂದ ಪಿಸಿಆರ್ ಪಾಸಿಟಿವ್ ಬಂದರೆ ಮಾತು ಮುಗಿಯಿತು, ನೆಗೆಟಿವ್ ಬಂದರೆ ಮುಗಿಯುವುದಿಲ್ಲ, ಬೇರೆ ಕಂಪನಿಯ ಕಿಟ್ಟಿನಲ್ಲಿ ಮತ್ತೆ ನೋಡಬೇಕು. ಕೆಂಚನದ್ದು ಪಾಸಿಟಿವ್ ಬಂತು.

ಬಂದ ಗೆರೆ ಫೆಲ್ವಿಯದ್ದಾಗಿದ್ದರೆ ದಾರಿ ಬೇರೆಯಾಗುತ್ತಿತ್ತು. ಫೆಲ್ವಿ ಪಾಸಿಟಿವ್ ಬಂದ ಬೆಕ್ಕುಗಳೆಲ್ಲ ಒಂದೇ ಹಾದಿ ಹಿಡಿಯುವುದಿಲ್ಲ. ಕೆಲವು ಬೆಕ್ಕುಗಳ ದೇಹ ವೈರಸ್ಸನ್ನು ಅದುಮಿ, ಕೆಲವು ವಾರಗಳಲ್ಲಿ ರಕ್ತದಿಂದ ಆ ಪ್ರೋಟೀನು ಮಾಯವಾಗುತ್ತದೆ, ವೈರಸ್ಸಿನ ನಕಲು ಮಾತ್ರ ಮಜ್ಜೆಯ ಕಣಗಳಲ್ಲಿ ಅಡಗಿ ಉಳಿಯುತ್ತದೆ. ಇನ್ನು ಕೆಲವಕ್ಕೆ ಅದು ತಗ್ಗುವುದೇ ಇಲ್ಲ. ಅಂಥವು ಜೊಲ್ಲಿನಲ್ಲಿ ವೈರಸ್ ಬಿಡುತ್ತಲೇ ಇರುತ್ತವೆ, ರಕ್ತಹೀನತೆ, ಲಿಂಫೋಮ ಎಂಬ ಕ್ಯಾನ್ಸರ್ ಮುಂತಾದವು ಬಂದು ಹೆಚ್ಚಿನವು ಮೂರು ವರ್ಷದೊಳಗೆ ಸಾಯುತ್ತವೆ. ಯಾವ ಹಾದಿ ಎಂದು ತಿಳಿಯಲು ಪಿಸಿಆರ್ ಮತ್ತು ಮರುಪರೀಕ್ಷೆ ಬೇಕು. ಅಷ್ಟು ದಿನವೂ ಪ್ರತ್ಯೇಕ. ಮರುಪರೀಕ್ಷೆಯಲ್ಲೂ ಪಾಸಿಟಿವ್ ಇದ್ದರೆ ಒಂದೇ ತಟ್ಟೆಯ ಬೆಕ್ಕುಗಳ ಜೊತೆ ಬಿಡಲು ನಾನಂತೂ ಹೇಳಲಾರೆ.

ಎಫ್‌ಐವಿಯಲ್ಲಿ ಆಯ್ಕೆಗಳಿವೆ. ಈ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿಯೇ ಬದುಕುತ್ತವೆ, ಅನೇಕವು ಬೇರೆ ಬೆಕ್ಕುಗಳಷ್ಟೇ ಕಾಲ. ಕೊಲ್ಲಿಸುವ ಮಾತು ಎತ್ತುವವರು ಇನ್ನೂ ಇದ್ದಾರೆ, ಬರಿಯ ಪರೀಕ್ಷೆಯ ಫಲ ಹಿಡಿದು ಹಾಗೆ ಮಾಡುವುದಕ್ಕೆ ಅರ್ಥವಿಲ್ಲ. ಬೆಕ್ಕಿಲ್ಲದ ಮನೆಗೆ ಕೊಡಬಹುದು. ಕಾಯಂ ಬೇರೆ ಕೋಣೆಯಲ್ಲಿ ಇಡಬಹುದು. ಜಗಳವಾಡದ ಬೆಕ್ಕುಗಳಾದರೆ, ಎಲ್ಲವಕ್ಕೂ ಆಪರೇಶನ್ ಆಗಿದ್ದರೆ, ನಿಧಾನವಾಗಿ ಜೊತೆ ಮಾಡಬಹುದು. ಅಪಾಯ ಸೊನ್ನೆಯಲ್ಲ, ಆದರೆ ಕಡಿಮೆ. "ನಿಮ್ಮ ಎರಡು ಹೆಣ್ಣುಗಳು ಜಗಳಗಂಟಿಗಳಾ?" ಎಂದು ಡಾಕ್ಟರರು ಮೊದಲು ಕೇಳಿದ್ದು ಅದಕ್ಕೇ. ಅಲ್ಲ ಎಂದೆವು. ಮೂರನೆಯದನ್ನು ಆರಿಸಿಕೊಂಡೆವು.

ಆದರೆ ಅಂಗಳಕ್ಕೆ ಬಿಡುವಂತಿಲ್ಲ. ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಕಷ್ಟದ ನಿಯಮ ಇದು. ಕೆಂಚ ಹೊರಗೆ ಹೋದರೆ ನೆರೆಮನೆಯ ಗಂಡಿನೊಡನೆ ಕಚ್ಚಾಡುತ್ತಾನೆ, ಅದಕ್ಕೆ ಎಫ್‌ಐವಿ ಕೊಡುತ್ತಾನೆ, ಅದರಿಂದ ಬೇರೆ ರೋಗ ತರುತ್ತಾನೆ. ಹಿಂದಿನ ಜಗಲಿಯ ತೆರೆದ ಬದಿಗೆ ನೆಲದಿಂದ ಮಾಡಿನವರೆಗೆ ಬಲೆ ಕಟ್ಟಿಸಿದೆವು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚು ಬಿದ್ದದ್ದು ಈ ಬಲೆಗೆ, ಪರೀಕ್ಷೆಗಳಿಗಲ್ಲ. ಇಲಿ ಹಿಡಿಯುವ ಕೆಲಸ ಹೆಣ್ಣುಗಳಿಗೆ ಉಳಿಯಿತು.

ಜೊತೆ ಮಾಡಿಸಿದ ಕ್ರಮ ಹೀಗೆ. ಮೊದಲು ವಾಸನೆ: ಕೆಂಚ ಮಲಗುವ ಗೋಣಿಯನ್ನು ಚಾವಡಿಯಲ್ಲಿ, ಬೆಳ್ಳಿಯ ಗೋಣಿಯನ್ನು ಅವನ ಕೋಣೆಯಲ್ಲಿ ಇಟ್ಟೆವು. ಬೆಳ್ಳಿ ಗೋಣಿ ಮೂಸಿ ಬುಸುಗುಟ್ಟಿ ಹೋದಳು; ಬುಸುಗುಟ್ಟುವುದು ನಿಂತ ಮೇಲೆ ಮುಂದಿನ ಹಂತ. ಬಲೆಯ ಎರಡೂ ಬದಿಯಲ್ಲಿ ತಟ್ಟೆ ಇಟ್ಟು ಊಟ, ಮೊದಲು ದೂರ, ದಿನ ಕಳೆದ ಹಾಗೆ ಹತ್ತಿರ. ಆಮೇಲೆ ಕಾವಲಿದ್ದಾಗ ಮಾತ್ರ ಬಿಡುವುದು, ಹೊಟ್ಟೆ ತುಂಬಿರುವಾಗ. ದಪ್ಪ ಬೈರಾಸು ಕೈಯಲ್ಲೇ ಇರಲಿ, ಜಗಳ ಬಿದ್ದರೆ ಕೈ ಹಾಕಬೇಡಿ, ಬೈರಾಸು ಎಸೆಯಿರಿ. ಬುಸುಗುಟ್ಟುವುದು, ಒಂದು ಪೆಟ್ಟು ಕೊಡುವುದು ಮಾಮೂಲು. ಕಿವಿ ಮಟ್ಟಸ ಮಾಡಿ, ಬಾಲ ಬಡಿಯುತ್ತ ಕಣ್ಣು ಕೀಳದೆ ನೋಡಿದರೆ ತಕ್ಷಣ ಬೇರೆ ಮಾಡಿ, ಹಿಂದಿನ ಹಂತಕ್ಕೆ ಹೋಗಿ. ಹಲ್ಲು ನಾಟಿದ ಗಾಯ ಒಂದಾದರೂ ಆದರೆ ಜೊತೆಯ ಮಾತು ಬಿಟ್ಟು ಕಾಯಂ ಪ್ರತ್ಯೇಕ ಮಾಡುವುದೆಂದು ಮೊದಲೇ ತೀರ್ಮಾನಿಸಿದ್ದೆವು. ಈ ತನಕ ಆಗಿಲ್ಲ. ಈಗ ಪ್ರತಿ ಬೆಕ್ಕಿಗೂ ಬೇರೆ ತಟ್ಟೆ ಇಟ್ಟಿದ್ದೇವೆ. ಅದು ವೈರಸ್ಸಿಗಿಂತ ಹೆಚ್ಚಾಗಿ ಜಗಳಕ್ಕೆ: ಒಂದೇ ತಟ್ಟೆಯಲ್ಲಿ ಮೂರು ಮೂತಿ ಸೇರಿದಾಗಲೇ ಕಚ್ಚಾಟ ಹುಟ್ಟುವುದು.

ಕೆಂಚನ ಆರೈಕೆಯಲ್ಲಿ ವ್ಯತ್ಯಾಸ ಸ್ವಲ್ಪವೇ. ಹಸಿ ಮೀನು, ಹಸಿ ಮಾಂಸ ಇಲ್ಲ. ಬೂತಾಯಿ ತಲೆಯನ್ನು ಹಾಗೆಯೇ ಎಸೆಯುವುದು ಬಿಟ್ಟು ಬೇಯಿಸಿ ಮುಳ್ಳು ತೆಗೆದು ಕೊಡುತ್ತೇವೆ, ಯಾಕೆಂದರೆ ರೋಗನಿರೋಧಕ ಶಕ್ತಿ ಕುಂದಿದ ಬೆಕ್ಕಿಗೆ ಹಸಿಯಲ್ಲಿರುವ ಕ್ರಿಮಿಗಳೇ ದೊಡ್ಡ ಶತ್ರು. ಚಿಗಟ, ಹೊಟ್ಟೆಹುಳದ ಔಷಧಿ ತಪ್ಪಿಸುವುದಿಲ್ಲ. ಆರು ತಿಂಗಳಿಗೊಮ್ಮೆ ಡಾಕ್ಟರರಿಗೆ ತೋರಿಸಿ ತೂಕ ಬರೆಸುವುದು, ಬಾಯಿ ತೆರೆಸಿ ಒಸಡು ನೋಡುವುದು. ಹಲ್ಲಿನ ಬುಡದಲ್ಲಿ ಕೆಂಪು ಪಟ್ಟಿ ದಪ್ಪವಾಗಿ ಗಂಟಲ ಕಡೆಗೆ ಹಬ್ಬಿದರೆ, ತಟ್ಟೆಯ ಹತ್ತಿರ ಬಂದು ಮೂಸಿ ಹಿಂದೆ ಸರಿದರೆ, ಜೊಲ್ಲು ಸುರಿಸಿದರೆ ಕಾಯಬಾರದು. ಈ ಬೆಕ್ಕುಗಳಲ್ಲಿ ಬಾಯಿಯೇ ಬಹಳ ಸಲ ಮೊದಲು ಕೈಕೊಡುವುದು.

ಬೆಳ್ಳಿ, ಚಿಕ್ಕಿಯರಿಗೆ ಕೆಂಚನ ಜೊತೆ ಸೇರಿದ ದಿನದಿಂದ 60 ದಿನ ಕಳೆದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದೇ ಕಿಟ್ಟಿನಲ್ಲಿ ಪರೀಕ್ಷೆ ಮಾಡಿಸುವುದೆಂದು ಬರೆದಿಟ್ಟಿದ್ದೇವೆ. ನಡುವೆ ಎಲ್ಲಾದರೂ ಕಡಿತದ ಗಾಯ ಕಂಡರೆ ಆ ತಾರೀಕಿನಿಂದ ಎಣಿಕೆ ಮತ್ತೆ ಶುರು. ಮೊದಲನೆಯದರ ಸರದಿ ಬರುವ ತಿಂಗಳು. ಕಿಟ್ಟು ತರಿಸಿಡಲು ಈಗಲೇ ಹೇಳಿದ್ದೇವೆ.